ಸಿನಾಪ್ಸಿಸ್ ಗೈಡ್‌ಗೆ, ಮಾಹಿತಿ ಪತ್ರ ಗರ್ಭಿಣಿಗೆ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಕಮ್ಯುನಿಟಿ ಮೆಡಿಸಿನ್ ಎಂ.ಡಿ. ಓದುತ್ತಿದ್ದೇನೆ. ಯಾದಗಿರಿ ಜಿಲ್ಲೆಯ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ನನ್ನ ಥೀಸಿಸ್. ಸಿನಾಪ್ಸಿಸ್ ಪಾಸಾಗಿದೆ. ಆದರೆ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡನ್ನೂ ಎಥಿಕ್ಸ್ ಕಮಿಟಿ ವಾಪಸ್ ಕಳಿಸಿದೆ. "ಭಾಷೆ ಸರಳ ಮಾಡಿ, ಭಾಗಗಳನ್ನು ಕ್ರಮವಾಗಿ ಬರೆಯಿರಿ" ಎಂದಷ್ಟೇ ಬರೆದಿದ್ದಾರೆ. ಸಿನಾಪ್ಸಿಸ್ ಮತ್ತು ನನ್ನ ಕರಡು ಕಳಿಸುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಕಷ್ಟದ ಪದಗಳು ನಿಮ್ಮ ದೊಡ್ಡ ಸಮಸ್ಯೆಯಲ್ಲ. ನೀವು ಸಿನಾಪ್ಸಿಸ್‌ ಅನ್ನು ಅದೇ ಕ್ರಮದಲ್ಲಿ ಕನ್ನಡಕ್ಕೆ ಇಳಿಸಿದ್ದೀರಿ: ಪೀಠಿಕೆ, ಉದ್ದೇಶ, ವಿಧಾನ, ಆಮೇಲೆ ಕೊನೆಯಲ್ಲಿ "ನಿಮ್ಮ ಭಾಗವಹಿಸುವಿಕೆ ಸ್ವಯಂಪ್ರೇರಿತ". ಗೈಡ್ ಆ ಕ್ರಮದಲ್ಲಿ ಓದುತ್ತಾರೆ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತ ಐದು ತಿಂಗಳ ಬಸುರಿಯ ತಲೆಯಲ್ಲಿ ಬೇರೆ ಪ್ರಶ್ನೆಗಳಿರುತ್ತವೆ. ನೀವು ಯಾರು? ನನ್ನನ್ನೇ ಯಾಕೆ ಕೇಳ್ತಿದ್ದೀರಿ? ನನಗೆ ಏನು ಮಾಡ್ತೀರಿ, ಎಷ್ಟು ಸಲ ಬರಬೇಕು? ಕೂಸಿಗೆ ಏನಾದರೂ ಆಗುತ್ತಾ? ನನಗೇನು ಸಿಗುತ್ತೆ? ಒಲ್ಲೆ ಅಂದರೆ ಏನು? ನನ್ನ ವಿಷಯ ಯಾರಿಗೆಲ್ಲ ಗೊತ್ತಾಗುತ್ತೆ? ಏನಾದರೂ ಕೇಳಬೇಕಂದರೆ ಯಾರಿಗೆ ಫೋನ್ ಮಾಡಲಿ? ಮಾಹಿತಿ ಪತ್ರದ ಭಾಗಗಳು ಇವೇ, ಕ್ರಮವೂ ಇದೇ. ಈ ಪ್ರಶ್ನೆಗಳನ್ನೇ ತಲೆಬರಹ ಮಾಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಕೇಳುವ ಅಂಶಗಳೆಲ್ಲ ಇವುಗಳ ಕೆಳಗೆ ಬಂದು ಕೂರುತ್ತವೆ. ನಿಮ್ಮದು ಔಷಧ ಪ್ರಯೋಗ ಅಲ್ಲ. ಹಾಗಾಗಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಉದ್ದ ಪಟ್ಟಿಯನ್ನು ತಂದು ತುರುಕಬೇಡಿ. ನಿಮ್ಮ ಕರಡಿನ ನಾಲ್ಕನೇ ಪುಟ ಪೂರ್ತಿ ಅಲ್ಲಿಂದಲೇ ಬಂದ ಹಾಗಿದೆ.

ಮೊದಲ ಕೆಲಸ ಕತ್ತರಿಸುವುದು. ಸಿನಾಪ್ಸಿಸ್‌ನ ಪ್ರಿಂಟ್ ತೆಗೆದು ಪೆನ್ ಹಿಡಿದು ಕೂರಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಈ ವಾಕ್ಯದಿಂದ ಆ ಹೆಣ್ಣುಮಗಳಿಗೆ, ಅವಳ ರಕ್ತಕ್ಕೆ, ಅವಳ ಸಮಯಕ್ಕೆ ಅಥವಾ ಅವಳ ಬಗೆಗಿನ ಕಾಗದಕ್ಕೆ ಏನಾದರೂ ಆಗುತ್ತದಾ? ಆಗುತ್ತದೆ ಅಂದರೆ ಇಟ್ಟುಕೊಳ್ಳಿ. ಇಲ್ಲ ಅಂದರೆ ಗೀಟು ಹಾಕಿ. ಪೀಠಿಕೆಯ ಒಂದೂವರೆ ಪುಟ ಹೋಗುತ್ತದೆ. ಅದರಲ್ಲಿ ಉಳಿಯುವುದು ಎರಡೇ ವಾಕ್ಯ. ಸ್ಯಾಂಪಲ್ ಸೈಜ್ ಸೂತ್ರ, ಯಾವ ಸಾಫ್ಟ್‌ವೇರ್‌ನಲ್ಲಿ ವಿಶ್ಲೇಷಣೆ, ಪಿ-ವ್ಯಾಲ್ಯೂ ಎಷ್ಟಿದ್ದರೆ ಗಣನೀಯ, ಇವೆಲ್ಲ ಹೋಗಲಿ. "ನಿಮ್ಮ ಹಾಗೆ ಒಟ್ಟು 280 ಗರ್ಭಿಣಿಯರನ್ನು ಕೇಳುತ್ತಿದ್ದೇವೆ" ಎಂಬುದು ಮಾತ್ರ ಉಳಿಯಲಿ. ತನ್ನೊಬ್ಬಳನ್ನೇ ಆರಿಸಿಲ್ಲ ಎಂದು ಗೊತ್ತಾಗುವುದು ಅವಳಿಗೆ ಬೇಕಾದ ಮಾತು.

ಈಗ ನಿಮ್ಮ ವಿಧಾನದ ಭಾಗದ ಎರಡೇ ವಾಕ್ಯ ತೆಗೆದುಕೊಳ್ಳೋಣ. ನಿಮ್ಮ ಕರಡಿನಲ್ಲಿ ಅವು ಹೀಗಿವೆ:

"14ರಿಂದ 24 ವಾರಗಳ ಗರ್ಭಾವಸ್ಥೆಯ ಸಹಭಾಗಿಗಳಿಂದ ಅಸೆಪ್ಟಿಕ್ ಮುನ್ನೆಚ್ಚರಿಕೆಗಳೊಂದಿಗೆ 5 ಮಿ.ಲೀ. ಸಿರೆಯ ರಕ್ತವನ್ನು ಸಂಗ್ರಹಿಸಿ ಸಂಪೂರ್ಣ ರಕ್ತ ಕಣ ಎಣಿಕೆ ಹಾಗೂ ಸೀರಂ ಫೆರಿಟಿನ್ ಪರೀಕ್ಷೆಗೆ ಒಳಪಡಿಸಲಾಗುವುದು ಮತ್ತು 12 ವಾರಗಳ ನಂತರ ಪುನರಾವರ್ತಿಸಲಾಗುವುದು. ಉಳಿದ ಮಾದರಿಯನ್ನು ಮೈನಸ್ 20 ಡಿಗ್ರಿಯಲ್ಲಿ ಸಂರಕ್ಷಿಸಲಾಗುವುದು."

ಇದರಲ್ಲಿರುವ "ಲಾಗುವುದು"ಗಳನ್ನು ನೋಡಿ. ರಕ್ತ ಯಾರು ತೆಗೆಯುತ್ತಾರೆ ಎಂಬುದು ವಾಕ್ಯಗಳಲ್ಲೇ ಇಲ್ಲ. ಸಿನಾಪ್ಸಿಸ್‌ಗೆ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಇನ್ನೂ ದೊಡ್ಡ ಲೋಪ ಒಂದಿದೆ. ಆ ಕೇಂದ್ರದಲ್ಲಿ ಗರ್ಭಿಣಿ ತಪಾಸಣೆಗೆ ಬಂದವರ ಹಿಮೋಗ್ಲೋಬಿನ್ ಹೇಗೂ ನೋಡುತ್ತಾರೆ, ತಾಯಿ ಕಾರ್ಡ್‌ನಲ್ಲಿ ಬರೆಯುತ್ತಾರೆ. ಹಾಗಾದರೆ ಎಂದಿನ ತಪಾಸಣೆ ಯಾವುದು, ನಿಮ್ಮ ಅಧ್ಯಯನಕ್ಕಾಗಿ ಹೆಚ್ಚಿಗೆ ಮಾಡುವುದು ಯಾವುದು? ಇದನ್ನು ಬಿಡಿಸಿ ಹೇಳದಿದ್ದರೆ ಎಲ್ಲವೂ ಡಾಕ್ಟರು ಹೇಳಿದ ಚಿಕಿತ್ಸೆ ಎಂದೇ ಅವಳು ತಿಳಿಯುತ್ತಾಳೆ. ಬಿಳಿ ಕೋಟು ಹಾಕಿಕೊಂಡವರು ಕೇಳಿದಾಗ ಇಲ್ಲ ಅನ್ನೋದು ಯಾರಿಗಾದರೂ ಕಷ್ಟ. ಚಿಕಿತ್ಸೆ ಎಂದುಕೊಂಡ ಮೇಲಂತೂ ಇಲ್ಲ ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಹಾಗೆ ಸಿಕ್ಕ ಹೆಬ್ಬೆಟ್ಟನ್ನು ಒಪ್ಪಿಗೆ ಅನ್ನಲಾಗದು.

ನಾನಾದರೆ ಆ ಭಾಗವನ್ನು ಹೀಗೆ ಬರೆಯುತ್ತೇನೆ:

"ನನಗೆ ಏನು ಮಾಡುತ್ತೀರಿ?
ಕೇಂದ್ರದಲ್ಲಿ ನಿಮ್ಮ ಎಂದಿನ ತಪಾಸಣೆ ಯಾವಾಗಲೂ ನಡೆಯುವ ಹಾಗೇ ನಡೆಯುತ್ತದೆ. ಈ ಅಧ್ಯಯನಕ್ಕಾಗಿ ಮೂರು ಕೆಲಸ ಹೆಚ್ಚಿಗೆ ಮಾಡುತ್ತೇವೆ. ಒಂದು, ನಿಮ್ಮ ಊಟ, ಮನೆ, ಹಿಂದಿನ ಹೆರಿಗೆಗಳ ಬಗ್ಗೆ ಸುಮಾರು 20 ನಿಮಿಷ ಪ್ರಶ್ನೆ ಕೇಳುತ್ತೇವೆ. ಬೇಡವಾದ ಪ್ರಶ್ನೆಗೆ ಉತ್ತರ ಕೊಡದಿರಬಹುದು. ಎರಡು, ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ನಿಮ್ಮ ತೋಳಿನಿಂದ ಒಂದು ಸಣ್ಣ ಟೀ ಚಮಚದಷ್ಟು (5 ಮಿ.ಲೀ.) ರಕ್ತ ತೆಗೆಯುತ್ತಾರೆ. ನಿಮ್ಮ ರಕ್ತ ಎಷ್ಟಿದೆ, ಮೈಯಲ್ಲಿ ಕಬ್ಬಿಣದ ಅಂಶ ಎಷ್ಟು ಉಳಿದಿದೆ ಎಂದು ಅದರಲ್ಲಿ ನೋಡುತ್ತೇವೆ. ಮೂರು, ಸುಮಾರು ಮೂರು ತಿಂಗಳ ನಂತರ ಇನ್ನೊಮ್ಮೆ ಅಷ್ಟೇ ರಕ್ತ ತೆಗೆಯುತ್ತೇವೆ."

ಸೀರಂ, ಸಿರೆ, ಅಸೆಪ್ಟಿಕ್ ಎಲ್ಲ ತಾವಾಗಿಯೇ ಉದುರಿ ಹೋದವು, ಅಲ್ವಾ? ಒಂದೊಂದಾಗಿ ಪದ ಬದಲಾಯಿಸುತ್ತ ಕೂರಬೇಕಾಗಲಿಲ್ಲ. ಯಾರು, ಯಾವಾಗ, ಎಷ್ಟು, ಯಾಕೆ ಎಂದು ಕೇಳಿಕೊಂಡು ಬರೆದರೆ ಭಾಷೆ ಮುಕ್ಕಾಲು ಪಾಲು ತಾನೇ ಸರಳವಾಗುತ್ತದೆ. ಐದು ಮಿ.ಲೀ. ಯಾಕೆ ಎಂದು ಕಮಿಟಿಯಲ್ಲಿ ಯಾರಾದರೂ ಕೇಳಬಹುದು. ಕಣಗಳ ಎಣಿಕೆಗೆ ಇಡಿಟಿಎ ಟ್ಯೂಬಿಗೆ ಎರಡು, ಫೆರಿಟಿನ್‌ಗೆ ಬೇರೆ ಟ್ಯೂಬಿಗೆ ಮೂರು ಎಂದು ಉತ್ತರ ನಿಮ್ಮ ಕೈಯಲ್ಲಿರಲಿ, ಪತ್ರದಲ್ಲಿ ಬೇಡ.

ಈಗ "12 ವಾರಗಳ ನಂತರ" ಎಂಬಲ್ಲಿ ನಿಲ್ಲಿ. 14ರಿಂದ 24 ವಾರದವರನ್ನು ಸೇರಿಸಿಕೊಂಡರೆ ಎರಡನೇ ರಕ್ತ 26ರಿಂದ 36 ವಾರದ ನಡುವೆ ಬರುತ್ತದೆ. ನಮ್ಮ ಕಡೆ ಏಳನೇ ತಿಂಗಳ ಹೊತ್ತಿಗೆ ಕುಬಸ ಮಾಡಿ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಇನ್ನು ಕೆಲವರು ಗಂಡನ ಜೊತೆ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಗುಳೆ ಹೋಗಿರುತ್ತಾರೆ. "ನಾ ತವರಿಗೆ ಹೋದರ ಏನ್ ಮಾಡ್ಲಿ?" ಇದು ಅವಳು ಕೇಳಿಯೇ ಕೇಳುವ ಪ್ರಶ್ನೆ. ಉತ್ತರ ನಿಮ್ಮ ಸಿನಾಪ್ಸಿಸ್‌ನಲ್ಲಿ ಇಲ್ಲ. ತವರಿನ ಹತ್ತಿರದ ಕೇಂದ್ರದಲ್ಲಿ ರಕ್ತ ತೆಗೆಸುತ್ತೀರಾ? ಫೋನ್ ಮಾಡಿ ವಿಚಾರಿಸಿ ಅಷ್ಟಕ್ಕೇ ಬಿಡುತ್ತೀರಾ? ಅಥವಾ ಮೊದಲ ರಕ್ತದ ಮಾಹಿತಿ ಮಾತ್ರ ಬಳಸುತ್ತೀರಾ? ಮೊದಲು ಗೈಡ್ ಜೊತೆ ಕೂತು ತೀರ್ಮಾನ ಮಾಡಿ, ಸಿನಾಪ್ಸಿಸ್‌ಗೆ ತಿದ್ದುಪಡಿ ಹಾಕಿ ಕಮಿಟಿಗೆ ಕೊಡಿ, ಆಮೇಲೆ ಪತ್ರದಲ್ಲಿ ಬರೆಯಿರಿ. ಸಿನಾಪ್ಸಿಸ್‌ನಲ್ಲಿ ಇಲ್ಲದ ಏರ್ಪಾಟನ್ನು ಪತ್ರದಲ್ಲಿ ಸುಮ್ನೆ ಭರವಸೆ ಕೊಡುವ ಹಾಗಿಲ್ಲ. ಎರಡಕ್ಕೂ ತಾಳೆ ಬೀಳದಿದ್ದರೆ ಕಮಿಟಿ ಮತ್ತೆ ವಾಪಸ್ ಕಳಿಸುತ್ತದೆ, ಕಳಿಸಲೇಬೇಕು ಕೂಡ.

ಮುಂದಿನದು ತೊಂದರೆ ಮತ್ತು ಲಾಭ. ನಿಮ್ಮ ಕರಡು "ಯಾವುದೇ ಅಪಾಯವಿಲ್ಲ" ಎನ್ನುತ್ತದೆ. ತೆಗೆದುಹಾಕಿ. ಸೂಜಿ ಚುಚ್ಚಿದರೆ ನೋವಾಗುತ್ತದೆ, ಕೆಲವರಿಗೆ ಆ ಜಾಗ ಒಂದೆರಡು ದಿನ ನೀಲಿಗಟ್ಟುತ್ತದೆ, ತಲೆ ಸುತ್ತಬಹುದು. ಅಷ್ಟು ಬರೆದು, "ಇಷ್ಟು ರಕ್ತ ತೆಗೆದರೆ ನಿಮಗಾಗಲೀ ಕೂಸಿಗಾಗಲೀ ರಕ್ತ ಕಡಿಮೆಯಾಗುವುದಿಲ್ಲ" ಎಂದು ಸೇರಿಸಿ. ಅವಳ ಮನೆಯವರ ಮೊದಲ ಭಯ ಇದೇ. ಮೊದಲೇ ರಕ್ತ ಕಡಿಮೆ ಅಂತ ಹೇಳಿದ ಮೇಲೆ ಮತ್ತೆ ರಕ್ತ ತೆಗೀತಾರಂತೆ ಎಂದು ಅತ್ತೆ ಗೊಣಗಿದರೆ ಅದರಲ್ಲಿ ತಪ್ಪೇನಿದೆ? ಅಧ್ಯಯನದಿಂದಲೇ ಏನಾದರೂ ತೊಂದರೆಯಾದರೆ ಚಿಕಿತ್ಸೆ ಎಲ್ಲಿ, ಯಾರ ಖರ್ಚಿನಲ್ಲಿ ಎಂಬ ಒಂದು ಸಾಲೂ ಇಲ್ಲೇ ಬರಬೇಕು.

ಲಾಭದ ಕೆಳಗೆ "ಸಮಾಜಕ್ಕೆ ಉಪಯೋಗ" ಎಂದು ಎಂಟು ಸಾಲು ಬರೆದಿದ್ದೀರಿ. ಒಂದು ಸಾಲು ಸಾಕು. ಅವಳಿಗೆ ಬೇಕಾದದ್ದು ರಿಪೋರ್ಟ್. ರಿಪೋರ್ಟ್ ಅವಳ ಕೈಗೆ ಕೊಡುತ್ತೀರಾ, ಎಷ್ಟು ದಿನದೊಳಗೆ, ಯಾರು ಓದಿ ಹೇಳುತ್ತಾರೆ? ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ. ಆಗ ನೀವು ಬರೀ ಅಂಕಿ ಬರೆದುಕೊಂಡು ಹೋಗುವ ಸಂಶೋಧಕರಾಗಿ ಉಳಿಯುವಂತಿಲ್ಲ. "ರಕ್ತ ತುಂಬಾ ಕಡಿಮೆ ಇದ್ದರೆ ಅದೇ ದಿನ ನಿಮಗೂ ಕೇಂದ್ರದ ಡಾಕ್ಟರಿಗೂ ತಿಳಿಸುತ್ತೇವೆ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತೇವೆ" ಎಂದು ಬರೆಯಿರಿ. ಆದರೆ ನಿಮ್ಮ ರಕ್ತದ ಮಾದರಿ ಲ್ಯಾಬ್ ತಲುಪಿ ಅದೇ ದಿನ ಫಲಿತಾಂಶ ಬರುತ್ತದಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಬರದಿದ್ದರೆ "ಫಲಿತಾಂಶ ಬಂದ ದಿನವೇ" ಎಂದು ಬರೆಯಿರಿ. ಫೆರಿಟಿನ್ ಅನ್ನು ಒಟ್ಟು ಸೇರಿಸಿ ತಿಂಗಳಿಗೊಮ್ಮೆ ಪರೀಕ್ಷೆ ಮಾಡುವ ಯೋಚನೆ ಇದ್ದರೆ ಅದನ್ನೂ ಹಾಗೇ ಹೇಳಿ.

ಒಲ್ಲೆ ಅನ್ನುವ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮದರಲ್ಲಿ ಅದು ಅರ್ಧ ಸಾಲು: "ನಿರಾಕರಿಸಿದಲ್ಲಿ ಯಾವುದೇ ತೊಂದರೆಯಾಗುವುದಿಲ್ಲ". ಯಾವ ತೊಂದರೆ? ಅವಳು ಹೆದರುವುದು ನಿರ್ದಿಷ್ಟ ವಿಷಯಗಳಿಗೆ. ಹೆಸರು ಹಿಡಿದು ಹೇಳಿ: "ನೀವು ಒಪ್ಪದಿದ್ದರೂ ಕೆಂಪು ಮಾತ್ರೆ ಸಿಗುತ್ತದೆ. ತಪಾಸಣೆ, ಇಂಜೆಕ್ಷನ್, ತಾಯಿ ಕಾರ್ಡ್, ಹೆರಿಗೆ, ಸರ್ಕಾರದಿಂದ ಬರುವ ದುಡ್ಡು ಯಾವುದೂ ನಿಲ್ಲುವುದಿಲ್ಲ. ಈಗ ಒಪ್ಪಿ ಆಮೇಲೆ ಬೇಡ ಎನಿಸಿದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ." ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ 180 ದಿನ ಕೊಡುವುದು ಸರ್ಕಾರದ ಕಾರ್ಯಕ್ರಮ, ನಿಮ್ಮ ಅಧ್ಯಯನದ ಕೊಡುಗೆ ಅಲ್ಲ. ಪತ್ರ ಓದಿದವರಿಗೆ ಅದು ನಿಮ್ಮಿಂದ ಬಂದ ಹಾಗೆ ಕಾಣಬಾರದು.

ಇದರ ಜೊತೆಗೆ, ಕೇಳುವವರು ಯಾರು ಎಂಬುದನ್ನೂ ನೋಡಿ. ಪ್ರತಿ ತಿಂಗಳು 9ನೇ ತಾರೀಕು ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಗರ್ಭಿಣಿಯರು ಜಾಸ್ತಿ ಬರುತ್ತಾರೆ ಎಂದು ಅದೇ ದಿನ ಸೇರಿಸಿಕೊಳ್ಳುವುದಾಗಿ ಬರೆದಿದ್ದೀರಿ. ನಿಮಗೆ ಅನುಕೂಲ, ಒಪ್ಪಿದೆ. ಆದರೆ ಸಾಲಿನಲ್ಲಿ ನಿಂತವಳಿಗೆ ಯೋಚಿಸಲು, ಮನೆಯಲ್ಲಿ ಕೇಳಲು ಎಲ್ಲಿದೆ ಸಮಯ? 9ಕ್ಕೆ ಪತ್ರ ಓದಿ ಹೇಳಿ ಕೈಗೆ ಕೊಡಿ, ಒಪ್ಪಿಗೆಯನ್ನು ಮುಂದಿನ ಭೇಟಿಯಲ್ಲಿ ತೆಗೆದುಕೊಳ್ಳಿ. ಗಂಡನನ್ನೋ ಅತ್ತೆಯನ್ನೋ ಕೇಳಿಕೊಂಡು ಬರುವುದು ಅವಳ ಹಕ್ಕು. ಅವರ ಸಹಿ ಅವಳ ಸಹಿಯ ಬದಲಿಗೆ ಬರಲಾರದು. ನಿಮ್ಮ ಕರಡಿನಲ್ಲಿ "ಪತಿಯ ಸಹಿ" ಎಂಬ ಜಾಗ ಇದೆ, ಅಳಿಸಿ.

ದುಡ್ಡಿನ ವಿಷಯ ಚಿಕ್ಕದು. "ಬಸ್ ಚಾರ್ಜ್ ಕೊಡಲಾಗುವುದು" ಎಂದಿದ್ದೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಅವಳ ನಿಜವಾದ ಖರ್ಚು ತಾಂಡಾದಿಂದ ಬಸ್ ರಸ್ತೆಯವರೆಗಿನ ಆಟೋ, ಮತ್ತು ಅವತ್ತಿನ ಕೂಲಿ. ಎರಡನೇ ಭೇಟಿ ನಿಮಗಾಗಿಯೇ ಬರುವಂಥದ್ದಾದರೆ ಅದನ್ನು ಲೆಕ್ಕ ಹಾಕಿ ಮೊತ್ತ ಬರೆಯಿರಿ. ಆಸೆ ಹುಟ್ಟಿಸುವಷ್ಟು ಜಾಸ್ತಿ ಬೇಡ.

ಉಳಿದ ರಕ್ತ. "ಮೈನಸ್ 20 ಡಿಗ್ರಿಯಲ್ಲಿ ಸಂರಕ್ಷಿಸಲಾಗುವುದು" ಎಂದು ಹೇಳಿ ವಾಕ್ಯ ಮುಗಿಸಿದ್ದೀರಿ. ಯಾಕೆ ಇಡುತ್ತೀರಿ? ಎಷ್ಟು ದಿನ? ಅದರ ಮೇಲೆ ಅವಳ ಹೆಸರು ಇರುತ್ತದಾ? ನಾಳೆ ಇನ್ನೊಬ್ಬ ವಿದ್ಯಾರ್ಥಿ ಬೇರೆ ಪರೀಕ್ಷೆ ಮಾಡಬಹುದಾ? ನಿಮ್ಮ ಗೈಡ್‌ಗೆ ಗಟ್ಟಿಯಾದ ಉದ್ದೇಶ ಇಲ್ಲದಿದ್ದರೆ "ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತವನ್ನು ಆಸ್ಪತ್ರೆಯ ನಿಯಮದ ಪ್ರಕಾರ ನಾಶ ಮಾಡುತ್ತೇವೆ" ಎಂದು ಬದಲಾಯಿಸಿಬಿಡಿ, ಅರ್ಧ ತಲೆನೋವು ಹೋಗುತ್ತದೆ. ಇಟ್ಟುಕೊಳ್ಳಲೇಬೇಕು ಎಂದಾದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು. ರಕ್ತ ಪರೀಕ್ಷೆಗೆ ಹೂಂ, ಇಡುವುದಕ್ಕೆ ಊಹೂಂ ಎನ್ನುವ ಅವಕಾಶ ಅವಳಿಗೆ ಇರಬೇಕು.

ಗುಟ್ಟಿನ ಭಾಗದಲ್ಲಿ ಯಾರು ನೋಡುತ್ತಾರೆ ಎಂದು ಪಟ್ಟಿ ಕೊಡಿ: ನೀವು, ಗೈಡ್, ಬೇಕಾದರೆ ಎಥಿಕ್ಸ್ ಕಮಿಟಿ. ಹೆಸರಿನ ಬದಲು ನಂಬರ್ ಹಾಕುತ್ತೇವೆ, ಥೀಸಿಸ್‌ನಲ್ಲಿ ಹೆಸರು ಬರುವುದಿಲ್ಲ ಎಂದು ಹೇಳಿ. "ಯಾರಿಗೂ ತಿಳಿಸುವುದಿಲ್ಲ" ಎಂದು ಬರೆಯಬೇಡಿ. ರಕ್ತ ತುಂಬಾ ಕಡಿಮೆಯಿದ್ದರೆ ಕೇಂದ್ರದ ಡಾಕ್ಟರಿಗೆ ತಿಳಿಸುತ್ತೇವೆ ಎಂದು ಮೇಲೆ ನೀವೇ ಹೇಳಿದ್ದೀರಿ. ಕೊನೆಗೆ ಎರಡು ಫೋನ್ ನಂಬರ್: ಒಂದು ನಿಮ್ಮದು, ಇನ್ನೊಂದು ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯದು. ನಿಮ್ಮ ಮೇಲೆಯೇ ದೂರು ಇದ್ದರೆ ಅವಳು ನಿಮಗೆ ಫೋನ್ ಮಾಡಲಾರಳು.

ಮಾಹಿತಿ ಪತ್ರ "ನೀವು" ಎಂದು ಮಾತಾಡುತ್ತದೆ, ಒಪ್ಪಿಗೆ ಪತ್ರ "ನಾನು" ಎಂದು. ನಿಮ್ಮದರಲ್ಲಿ ಎರಡೂ ಕಲಸಿವೆ. ಒಪ್ಪಿಗೆ ಪತ್ರ ಒಂದೇ ಪುಟ ಇರಲಿ, ಮಾಹಿತಿ ಪತ್ರದಲ್ಲಿ ಇಲ್ಲದ ಹೊಸ ವಿಷಯ ಅಲ್ಲಿ ಬರಬಾರದು. "ಮಾಹಿತಿ ಪತ್ರವನ್ನು ಓದಿದ್ದೇನೆ ಅಥವಾ ನನಗೆ ಓದಿ ಹೇಳಿದ್ದಾರೆ. ಪ್ರಶ್ನೆ ಕೇಳಲು ಸಮಯ ಕೊಟ್ಟರು. ಇದು ಸಂಶೋಧನೆ, ಸೇರುವುದು ಬಿಡುವುದು ನನ್ನ ಇಷ್ಟ ಎಂದು ಗೊತ್ತಾಗಿದೆ. ಎರಡು ಸಲ ರಕ್ತ ಕೊಡಲು ಒಪ್ಪುತ್ತೇನೆ." ಅದರ ಕೆಳಗೆ ಉಳಿದ ರಕ್ತ ಇಡುವುದಕ್ಕೆ ಬೇರೆಯಾಗಿ "ಒಪ್ಪುತ್ತೇನೆ / ಒಪ್ಪುವುದಿಲ್ಲ" ಎಂದು ಎರಡು ಚೌಕ. ಆಮೇಲೆ ಸಹಿಗಳು, ಪ್ರತಿ ಸಹಿಯ ಪಕ್ಕ ಅವರವರೇ ಹಾಕುವ ದಿನಾಂಕ.

ನಿಮ್ಮ ಕರಡಿನ ಕೊನೆಯ ಸಾಲು ಇಡೀ ಪತ್ರದಲ್ಲೇ ಕೆಟ್ಟದ್ದು: "ಮುಂದೆ ಏನಾದರೂ ತೊಂದರೆಯಾದಲ್ಲಿ ವೈದ್ಯರಾಗಲಿ ಸಂಸ್ಥೆಯಾಗಲಿ ಜವಾಬ್ದಾರರಲ್ಲ." ಆಪರೇಷನ್‌ಗೆ ಬರೆಸಿಕೊಳ್ಳುವ ಹಳೆಯ ಫಾರ್ಮ್‌ನಿಂದ ಬಂದಿರಬೇಕು. ಸಂಶೋಧನೆಯ ಒಪ್ಪಿಗೆಯಲ್ಲಿ ಯಾರ ಹಕ್ಕನ್ನೂ ಹೀಗೆ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಈ ಒಂದು ಸಾಲಿಗೇ ಕಮಿಟಿ ಪತ್ರವನ್ನು ವಾಪಸ್ ಕಳಿಸಬಹುದು.

ಓದು ಬಾರದವರಿಗೆ ಹೆಬ್ಬೆಟ್ಟು ಮತ್ತು ಸಾಕ್ಷಿ. ಸಾಕ್ಷಿಗೆ ಓದಲು ಬರಬೇಕು, ನಿಮ್ಮ ತಂಡಕ್ಕೆ ಸೇರಿದವರಾಗಿರಬಾರದು, ಮತ್ತು ಪತ್ರ ಓದಿ ಹೇಳುವಾಗ ಮೊದಲಿನಿಂದ ಕೊನೆವರೆಗೆ ಅಲ್ಲೇ ಇರಬೇಕು. ಸಂಜೆ ಫಾರ್ಮ್‌ಗಳನ್ನೆಲ್ಲ ಒಟ್ಟು ಹಾಕಿ ಒಬ್ಬರಿಂದ ಸಹಿ ಮಾಡಿಸುವುದು ಸಾಕ್ಷಿ ಅಲ್ಲ. ಎಲ್ಲ ಫಾರ್ಮ್‌ಗಳಲ್ಲಿ ಒಂದೇ ಕೈ, ಒಂದೇ ಶಾಯಿ ಇದ್ದರೆ ತಪಾಸಣೆಗೆ ಬಂದವರಿಗೆ ತಕ್ಷಣ ಗೊತ್ತಾಗುತ್ತದೆ. ಅವಳನ್ನು ಕರೆದುಕೊಂಡು ಬಂದ ಆಶಾ ಕಾರ್ಯಕರ್ತೆಯನ್ನೇ ಸಾಕ್ಷಿ ಮಾಡುವುದೂ ನನಗೆ ಸರಿ ಕಾಣುವುದಿಲ್ಲ. ನಿಮಗೆ ಜನ ಸೇರಿಸಿಕೊಡುತ್ತಿರುವವರು ಅವರೇ. ಜೊತೆಗೆ ಬಂದ ಓದಿದ ನೆಂಟರು, ಬೇರೆ ಗರ್ಭಿಣಿಯ ಮನೆಯವರು ಆಗಬಹುದು. ಸಹಿಯಾದ ಮೇಲೆ ಒಂದು ಪ್ರತಿ ಅವಳ ಕೈಗೆ ಕೊಡಿ.

ಕನ್ನಡ ಒಂದರಲ್ಲೇ ಪತ್ರ ಸಾಕಾಗುವುದಿಲ್ಲ. ನಿಮ್ಮ ಕೇಂದ್ರಗಳಿಗೆ ಉರ್ದು ಓದುವವರು, ಗಡಿ ಕಡೆಯಿಂದ ತೆಲುಗಿನವರು, ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ. ಉರ್ದು, ತೆಲುಗು ಪ್ರತಿ ಮಾಡಿಸಿ, ಪ್ರತಿಯೊಂದನ್ನೂ ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ಅನುವಾದಿಸಿ ಮೂಲದ ಜೊತೆ ತಾಳೆ ನೋಡಿ. ಲಂಬಾಣಿಗೆ ಕನ್ನಡ ಪ್ರತಿ ಇಟ್ಟುಕೊಂಡು, ಆ ಭಾಷೆ ಬಲ್ಲವರು ಬಾಯಲ್ಲಿ ಹೇಳಬೇಕು. ಹೇಳುವವರು ಯಾರು ಎಂಬುದಕ್ಕೂ ಫಾರ್ಮ್‌ನಲ್ಲಿ ಜಾಗ ಇರಲಿ.

ಕರಡು ಸಿದ್ಧವಾದ ಮೇಲೆ ಕಮಿಟಿಗೆ ಕೊಡುವ ಮುಂಚೆ, ಅಧ್ಯಯನದಲ್ಲಿ ಸೇರದ ನಾಲ್ಕೈದು ಹೆಣ್ಣುಮಕ್ಕಳಿಗೆ ಜೋರಾಗಿ ಓದಿ ಹೇಳಿ. "ತಿಳೀತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ನಿಮ್ಮ ಓಣಿಯವರು ಕೇಳಿದರ ಇದು ಏನಂತ ಹೇಳ್ತೀರಿ?" ಎಂದು ಕೇಳಿ. "ರಕ್ತ ಕಡಿಮಿ ಅದ, ಅದಕ್ಕ ಇಂಜೆಕ್ಷನ್ ಕೊಡ್ತಾರ" ಎಂದು ಉತ್ತರ ಬಂದರೆ ನಿಮ್ಮ ಪತ್ರ ಇನ್ನೂ ಚಿಕಿತ್ಸೆಯ ಹಾಗೆ ಕೇಳಿಸುತ್ತಿದೆ ಎಂದರ್ಥ. ಮೊದಲ ಪ್ಯಾರಾ ತಿದ್ದಿ, "ಇದು ಚಿಕಿತ್ಸೆ ಅಲ್ಲ, ಸಂಶೋಧನೆ" ಎಂಬುದನ್ನು ಮೊದಲ ಮೂರು ಸಾಲಿನೊಳಗೆ ತನ್ನಿ. "ಒಲ್ಲೆ ಅಂದರೆ?" ಎಂಬುದಕ್ಕೆ ತಡವರಿಸಿದರೆ ಆ ಭಾಗ ತಿದ್ದಿ. ಓದಿ ಮುಗಿಸಲು ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಇನ್ನೂ ಕತ್ತರಿಸಿ.

ಪ್ರತಿ ಪುಟದ ಕೆಳಗೆ "ಆವೃತ್ತಿ 2.0", ದಿನಾಂಕ, ಒಟ್ಟು ಪುಟಗಳಲ್ಲಿ ಎಷ್ಟನೇ ಪುಟ ಎಂದು ಹಾಕಿ. ಹಳೆಯ ಆವೃತ್ತಿಯ ಝೆರಾಕ್ಸ್‌ಗಳನ್ನು ಎರಡೂ ಕೇಂದ್ರಗಳಿಂದ ವಾಪಸ್ ತರಿಸಿ ಹರಿದು ಹಾಕಿ, ಇಲ್ಲದಿದ್ದರೆ ಯಾರೋ ಅದೇ ಕಟ್ಟಿನಿಂದ ತೆಗೆದು ಸಹಿ ಮಾಡಿಸಿಬಿಡುತ್ತಾರೆ. ಕಮಿಟಿಗೆ ಕೊಡುವಾಗ ಜೊತೆಗೆ ಒಂದು ಪುಟದ ಪತ್ರ ಇಡಿ: ಏನೇನು ಬದಲಾಗಿದೆ, ಯಾವ ಪುಟದಲ್ಲಿ, ಮತ್ತು ತವರಿಗೆ ಹೋದವರ ಎರಡನೇ ರಕ್ತದ ಬಗ್ಗೆ ಸಿನಾಪ್ಸಿಸ್‌ಗೆ ಹಾಕಿದ ತಿದ್ದುಪಡಿ ಏನು. ಒಪ್ಪಿಗೆ ಬರುವ ತನಕ ಹೊಸ ಪತ್ರವನ್ನೂ ಬಳಸಬೇಡಿ.